ಜಂಟಿ ಹೆಸರಿಗೆ, ನಷ್ಟ ನೆಲದವನಿಗೆ

ದುರ್ಗಿಗುಡಿಯಲ್ಲಿ ಈಗ ಹಂಚಿನ ಮಾಡಿಗೆ ಬೆಲೆಯಿಲ್ಲ. ಅದರ ಕೆಳಗಿನ ನೆಲಕ್ಕೆ ಮಾತ್ರ ಬೆಲೆ. ತಾತನ ಕಾಲದ ಮನೆ, ಮುಂದೆ ಎರಡು ಅಂಗಡಿ ಇಟ್ಟುಕೊಂಡ ಕುಟುಂಬದ ಬಾಗಿಲಿಗೆ ಬಿಲ್ಡರ್ ಮಹಾಶಯರು ಬರುತ್ತಾರೆ. “ನೆಲ ನಿಮ್ಮದು, ಹಣ ನಮ್ಮದು, ಕಟ್ಟಡ ಇಬ್ಬರದು” ಎನ್ನುತ್ತಾರೆ. ಇದಕ್ಕೆ ಜಂಟಿ ಅಭಿವೃದ್ಧಿ ಕರಾರು ಎಂದು ಹೆಸರು. ಭದ್ರಾವತಿಯಲ್ಲಿ ಕಾರ್ಖಾನೆಯ ನಿವೃತ್ತಿ ಹಣದಿಂದ ನಿವೇಶನ ಕೊಂಡ ಕಾರ್ಮಿಕನ ಮುಂದೆಯೂ ಇದೇ ಕಾಗದ ಬರುತ್ತದೆ. ಈ ಕಾಗದದಲ್ಲಿ ಜಂಟಿಯಾಗಿರುವುದು ಹೆಸರು ಮಾತ್ರ ಎಂಬುದೇ ನಮ್ಮ ವಾದ. ಹೇಗೆಂಬುದನ್ನು ಲೆಕ್ಕ ಹಾಕಿಯೇ ತೋರಿಸುತ್ತೇವೆ.

ಅರವತ್ತು ಅಡಿಗೆ ಎಂಬತ್ತು ಅಡಿಯ ಒಂದು ನಿವೇಶನವಿದೆ ಎಂದುಕೊಳ್ಳೋಣ. ನೆಲಮಹಡಿಯಲ್ಲಿ 1,000 ಮತ್ತು 1,500 ಚದರಡಿಯ ಎರಡು ಮಳಿಗೆ. ಮೇಲೆ ಮೂರು ಅಂತಸ್ತು, ಪ್ರತಿಯೊಂದರಲ್ಲೂ ಅದೇ ಅಳತೆಯ ಎರಡು ಮನೆ. ಒಟ್ಟು 10,000 ಚದರಡಿ. ರಸ್ತೆಗೆ ಮುಖವಿರುವ ಮಳಿಗೆಗೆ ಚದರಡಿಗೆ 12,000 ರೂಪಾಯಿ, ಮೇಲಿನ ಮನೆಗೆ 5,000 ರೂಪಾಯಿ ಎಂದು ಹಿಡಿಯೋಣ. ಕಟ್ಟಡದ ಒಟ್ಟು ಬೆಲೆ 6 ಕೋಟಿ 75 ಲಕ್ಷ. ನೆಲದವನಿಗೆ ನೂರಕ್ಕೆ ನಲವತ್ತು ಪಾಲು ಎಂದು ಕರಾರು. ಅಂದರೆ ಅವನಿಗೆ 2 ಕೋಟಿ 70 ಲಕ್ಷ ಬರಬೇಕು.

ಮೊದಲನೆಯದು ವಿಸ್ತೀರ್ಣದ ಪಾಲು. ಕರಾರಿನಲ್ಲಿ ‘ಶೇಕಡಾ 40’ ಎಂದಿರುತ್ತದೆಯೇ ಹೊರತು ಯಾವ 40 ಎಂದು ಇರುವುದಿಲ್ಲ. ನೆಲದವನಿಗೆ 4,000 ಚದರಡಿ ಕೊಟ್ಟರಾಯಿತು! ಅದನ್ನೆಲ್ಲ ಮೇಲಿನ ಅಂತಸ್ತುಗಳಲ್ಲೇ ಕೊಟ್ಟರೆ ಬೆಲೆ 2 ಕೋಟಿ. ಒಂದು ಸಾವಿರದ ಮಳಿಗೆಯನ್ನೂ ಮೇಲೆ ಎರಡು ದೊಡ್ಡ ಮನೆಗಳನ್ನೂ ಕೊಟ್ಟರೆ 2 ಕೋಟಿ 70 ಲಕ್ಷ. ಕಾಗದದಲ್ಲಿ ಅದೇ ನಲವತ್ತು, ಜೇಬಿನಲ್ಲಿ ಎಪ್ಪತ್ತು ಲಕ್ಷ ಕಡಿಮೆ. ಆದ್ದರಿಂದ ಪಾಲನ್ನು ಶೇಕಡಾವಾರಿನಲ್ಲಿ ಬರೆದು ನಿಲ್ಲಿಸಬಾರದು. ನಕ್ಷೆ ಮಂಜೂರಾದ ಕೂಡಲೆ ಇಂತಿಂಥ ಮಳಿಗೆ, ಇಂತಿಂಥ ಮನೆ, ಇಷ್ಟು ವಾಹನ ನಿಲುಗಡೆ ನೆಲದವನದು ಎಂದು ನಕ್ಷೆಯ ಮೇಲೇ ಬಣ್ಣ ಹಚ್ಚಿ, ಇಬ್ಬರೂ ಸಹಿ ಮಾಡಿ, ಹಂಚಿಕೆ ಪತ್ರವನ್ನು ನೋಂದಾಯಿಸಬೇಕು. ಅಳತೆ ಗೋಡೆಯೊಳಗಿನದೋ, ಮೆಟ್ಟಿಲು ಮೊಗಸಾಲೆ ಸೇರಿಸಿದ ಉಬ್ಬಿದ ಅಳತೆಯೋ ಎಂಬುದನ್ನೂ ಬರೆಯಬೇಕು. ಅದಕ್ಕೆ ಮೊದಲು ಬಿಲ್ಡರ್ ಒಂದು ಚದರಡಿಯನ್ನೂ ಮಾರಕೂಡದು.

ಎರಡನೆಯದು ವರಮಾನದ ಪಾಲು. ಮಾರಿದಂತೆಲ್ಲ ನೂರಕ್ಕೆ ನಲವತ್ತು ನಿಮ್ಮದು ಎನ್ನುತ್ತಾರೆ. ಕೇಳಲು ಇಂಪಾಗಿದೆ. ಆದರೆ ವರಮಾನವೆಂದರೆ ಏನು? ಕ್ರಯಪತ್ರದಲ್ಲಿ 5 ಕೋಟಿ 40 ಲಕ್ಷ ತೋರಿಸಿ, ಉಳಿದ 1 ಕೋಟಿ 35 ಲಕ್ಷವನ್ನು ನಿಲುಗಡೆ ಶುಲ್ಕ, ಸೌಕರ್ಯ ಶುಲ್ಕ, ಒಳಾಂಗಣದ ಕೆಲಸ ಎಂಬ ಬೇರೆ ರಸೀದಿಗಳಲ್ಲಿ ಪಡೆದರೆ, ನೆಲದವನ ಪಾಲು 2 ಕೋಟಿ 16 ಲಕ್ಷಕ್ಕೆ ಇಳಿಯುತ್ತದೆ. ಐವತ್ತನಾಲ್ಕು ಲಕ್ಷ ಮಾಯ! ಲೆಕ್ಕದ ಪುಸ್ತಕ ಯಾರ ಕೈಯಲ್ಲಿದೆಯೋ ಪಾಲೂ ಅವರ ಕೈಯಲ್ಲೇ ಇರುತ್ತದೆ. ಕೊಳ್ಳುವವನು ಯಾವ ಹೆಸರಿನಲ್ಲಿ ಕೊಟ್ಟರೂ ತೆರಿಗೆ ಬಿಟ್ಟು ಉಳಿದದ್ದೆಲ್ಲ ವರಮಾನ ಎಂದು ಬರೆಯಬೇಕು. ಹಣ ಒಂದೇ ಬ್ಯಾಂಕ್ ಖಾತೆಗೆ ಬಿದ್ದು, ಅಲ್ಲಿಂದಲೇ ಇಬ್ಬರಿಗೂ ಹರಿಯಬೇಕು. ಇಷ್ಟಕ್ಕೆ ಒಪ್ಪದ ಬಿಲ್ಡರ್ ಇದ್ದರೆ ಸಣ್ಣವನು ವಿಸ್ತೀರ್ಣದ ಪಾಲನ್ನೇ ಹಿಡಿಯುವುದು ಲೇಸು. ಗೋಡೆಯನ್ನು ಅಳೆಯಬಹುದು, ಪರರ ಪುಸ್ತಕವನ್ನು ಅಳೆಯಲಾಗದು.

ಇದಕ್ಕೆಲ್ಲ ರೇರಾ ಕಾನೂನು ಇದೆಯಲ್ಲ ಎನ್ನುವವರುಂಟು. 2016ರ ಆ ಕಾಯಿದೆ ಒಳ್ಳೆಯದೇ. ಕೊಳ್ಳುವವರ ಹಣದಲ್ಲಿ ನೂರಕ್ಕೆ ಎಪ್ಪತ್ತನ್ನು ಬೇರೆ ಖಾತೆಯಲ್ಲಿಟ್ಟು ಆ ಯೋಜನೆಗೇ ಬಳಸಬೇಕೆಂದು ಅದು ಹೇಳುತ್ತದೆ. ಆದರೆ ನಮ್ಮ ಉದಾಹರಣೆಯ ನಿವೇಶನ 446 ಚದರ ಮೀಟರ್, ಘಟಕಗಳು ಎಂಟು. 500 ಚದರ ಮೀಟರ್ ಮೀರದ, ಎಂಟು ಘಟಕ ದಾಟದ ಕಟ್ಟಡಕ್ಕೆ ರೇರಾ ನೋಂದಣಿ ಕಡ್ಡಾಯವಲ್ಲ. ದೊಡ್ಡ ಊರಿನ ದೊಡ್ಡ ಗೋಪುರಕ್ಕೆ ಕಾವಲಿದೆ, ಇಂಥ ಸಣ್ಣ ನಿವೇಶನಕ್ಕೆ ಇಲ್ಲ! ಇಲ್ಲಿ ಕರಾರೇ ಕಾವಲುಗಾರ.

ಇನ್ನು ವಿಳಂಬದ ಮಾತು. ಕರಾರಿನಲ್ಲಿ ‘ಎಲ್ಲ ಪರವಾನಗಿ ದೊರೆತ ದಿನದಿಂದ 24 ತಿಂಗಳು, ಮೇಲೆ ಆರು ತಿಂಗಳ ವಿನಾಯಿತಿ’ ಎಂದು ಇರುತ್ತದೆ. ಪರವಾನಗಿಗೆ ಅರ್ಜಿ ಹಾಕುವವರು ಯಾರು? ಬಿಲ್ಡರೇ. ಆತ ಪಾಲಿಕೆಗೆ ನಕ್ಷೆ ಸಲ್ಲಿಸದೆ ಕುಳಿತರೆ ಗಡಿಯಾರ ಓಡುವುದೇ ಇಲ್ಲ. ಇತ್ತ ಹಳೆಯ ಮನೆ ಕೆಡವಿ ಆಗಿದೆ. ಎರಡು ಅಂಗಡಿಯಿಂದ ತಿಂಗಳಿಗೆ 40,000 ಬಾಡಿಗೆ ಬರುತ್ತಿತ್ತೆಂದರೆ ಮೂವತ್ತು ತಿಂಗಳಿಗೆ 12 ಲಕ್ಷ, ಐದು ವರ್ಷಕ್ಕೆ 24 ಲಕ್ಷ ಹೋಯಿತು. ಅಲ್ಲಿ ವ್ಯಾಪಾರ ಮಾಡುತ್ತಿದ್ದ ಬಾಡಿಗೆದಾರ ಬೀದಿಗೆ ಬಿದ್ದ. ಬಿಲ್ಡರ್ ಕೊಟ್ಟಿದ್ದ ‘ಮರುಪಾವತಿ ಠೇವಣಿ’ ಈ ನಡುವೆ ಸಂಸಾರಕ್ಕೆ ಕರಗಿತು. ಕೊನೆಗೆ ಕಟ್ಟಡ ಮುಗಿದಾಗ, ಠೇವಣಿ ತಂದರೆ ಬೀಗದ ಕೈ ಎನ್ನುತ್ತಾರೆ. ವಿಳಂಬ ಮಾಡಿದವನೇ ಸಾಲಗಾರನನ್ನೂ ಸೃಷ್ಟಿಸಿದ!

ಮದ್ದು ಸರಳ. ಅರವತ್ತು ದಿನದೊಳಗೆ ನಕ್ಷೆ ಸಲ್ಲಿಸಬೇಕು. ಪರವಾನಗಿ ಬಂದರೂ ಬಾರದಿದ್ದರೂ ಇಂಥ ವರ್ಷ ಇಂಥ ತಾರೀಖು ಕಡೆಯ ದಿನ ಎಂದು ಬರೆಯಬೇಕು. ಮಂಜೂರಾತಿ ಕೈಗೆ ಬರುವವರೆಗೆ ಹಳೆಯ ಗೋಡೆಗೆ ಹಾರೆ ಹಾಕಕೂಡದು. ಗಡುವು ಮೀರಿದ ಪ್ರತಿ ತಿಂಗಳಿಗೂ ಹೋದ ಬಾಡಿಗೆಯಷ್ಟಾದರೂ ಪರಿಹಾರ ಕೊಡಬೇಕು, ಅದನ್ನು ಠೇವಣಿಯಲ್ಲೇ ವಜಾ ಮಾಡಿಕೊಳ್ಳಬೇಕು. ಮುಗಿಯಿತು ಎಂಬುದಕ್ಕೆ ಸುಣ್ಣಬಣ್ಣ ಸಾಕ್ಷಿಯಲ್ಲ. ಪಾಲಿಕೆಯ ಸ್ವಾಧೀನಾನುಭವ ಪತ್ರ ಸಾಕ್ಷಿ. ಆ ಪತ್ರವಿಲ್ಲದೆ ವಿದ್ಯುತ್, ನೀರಿನ ಸಂಪರ್ಕ ಕೊಡಬಾರದೆಂದು 2024ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ ಆದೇಶಿಸಿದೆ. ನಕ್ಷೆ ಮೀರಿ ಒಂದು ಮಹಡಿ ಏರಿಸಿದ ಬಿಲ್ಡರನ ದುರಾಸೆಗೆ ನೆಲದವನ ಮನೆಯೂ ಕತ್ತಲಾಗುತ್ತದೆ.

ಎಲ್ಲಕ್ಕಿಂತ ಅಪಾಯದ ಕಾಗದ ಕರಾರಿನ ಜೊತೆಗೇ ಬರುವ ಅಧಿಕಾರಪತ್ರ, ಜಿಪಿಎ. ಅದರಲ್ಲಿ ನೆಲದವನ ಪರವಾಗಿ ಮಾರುವ, ಅಡವಿಡುವ ಹಕ್ಕನ್ನು ಬಿಲ್ಡರಿಗೆ ಬರೆದುಕೊಡುತ್ತಾರೆ. ಬಿಲ್ಡರನ ಹಿತ ಸೇರಿಕೊಂಡ ಇಂಥ ಅಧಿಕಾರವನ್ನು ಮನಸ್ಸು ಬಂದಂತೆ ಹಿಂತೆಗೆಯಲು ಗುತ್ತಿಗೆ ಕಾಯಿದೆ ಬಿಡುವುದಿಲ್ಲ. ಅಷ್ಟೇ ಅಲ್ಲ, ಬಿಲ್ಡರ್ ಆ ಅಧಿಕಾರದಿಂದ ಫ್ಲ್ಯಾಟ್ ಮಾರಿ ಕೈಕೊಟ್ಟರೆ, ಕೊಂಡವರಿಗೆ ನೆಲದವರೂ ಹೊಣೆ ಎಂದು 2024ರಲ್ಲಿ ಸುಪ್ರೀಂ ಕೋರ್ಟ್ ಒಂದು ಪ್ರಕರಣದಲ್ಲಿ ಹೇಳಿತು. ಲಾಭದಲ್ಲಿ ಜಂಟಿಯಿಲ್ಲ, ಶಿಕ್ಷೆಯಲ್ಲಿ ಜಂಟಿ! ಆದ್ದರಿಂದ ಅಧಿಕಾರವನ್ನು ಕಂತಿನಲ್ಲೇ ಕೊಡಬೇಕು. ಮೊದಲು ಪರವಾನಗಿ ಪಡೆಯಲು, ಕಟ್ಟಲು ಮಾತ್ರ. ತಳಪಾಯ, ಚಾವಣಿ, ಸ್ವಾಧೀನಾನುಭವ ಪತ್ರ ಎಂದು ಕೆಲಸ ಮುಂದುವರಿದಂತೆ ಬಿಲ್ಡರನ ಪಾಲಿನಲ್ಲಿ ಇಷ್ಟಿಷ್ಟು ಮಾರುವ ಹಕ್ಕು. ನೆಲದವನ ಪಾಲನ್ನು ಅಡವಿಡುವ ಹಕ್ಕು ಎಂದೆಂದಿಗೂ ಇಲ್ಲ.

ಈಗಾಗಲೇ ಸಹಿ ಹಾಕಿ ಸಿಕ್ಕಿಬಿದ್ದವರಿಗೂ ಒಂದು ದಾರಿಯಿದೆ. ಕಾಗದದ ತಲೆಬರಹದಲ್ಲಿ ‘ಜಂಟಿ’ ಎಂದಿದ್ದ ಮಾತ್ರಕ್ಕೆ ಅದು ಜಂಟಿ ಉದ್ಯಮವಾಗದು, ಆಡಳಿತದಲ್ಲಿ ಮಾತಿಲ್ಲದೆ ಲಾಭನಷ್ಟದಲ್ಲಿ ಭಾಗಿಯಾಗದೆ ತನ್ನ ಪಾಲಿನ ಕಟ್ಟಡಕ್ಕಾಗಿ ನೆಲ ಕೊಟ್ಟವನು ಬಿಲ್ಡರನ ಗ್ರಾಹಕನೇ ಎಂದು ದೆಹಲಿಯ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2008ರಲ್ಲೇ ತೀರ್ಪಿತ್ತಿದೆ. ವಿಳಂಬಕ್ಕೂ ಕಳಪೆ ಕೆಲಸಕ್ಕೂ ಅವನು ಗ್ರಾಹಕ ಆಯೋಗದ ಬಾಗಿಲು ತಟ್ಟಬಹುದು. ಶುದ್ಧ ವರಮಾನದ ಪಾಲಿನವನಿಗೆ ಈ ದಾರಿ ಇಷ್ಟು ಸಲೀಸಲ್ಲ. ಅವನೂ ವ್ಯಾಪಾರದ ಪಾಲುಗಾರನೇ ಎಂಬ ಎದುರುವಾದ ಕಾದಿರುತ್ತದೆ.

ಬಿಲ್ಡರ್ ಹೇಳುವ ಒಂದು ಮಾತು ನಿಜ: ಬಂಡವಾಳ ಅವನದು, ಬಡ್ಡಿಯೂ ಅವನ ತಲೆಯ ಮೇಲೆ. ಆ ಅಪಾಯಕ್ಕೆ ಪ್ರತಿಫಲವಾಗಿಯೇ ನೂರಕ್ಕೆ ಅರವತ್ತು ಅವನಿಗೆ ಸಂದಿದೆ. ಅರವತ್ತು ಪಡೆದು ಅಪಾಯವನ್ನೂ ನೆಲದವನ ಬೆನ್ನಿಗೆ ಹೇರುವುದು ಅಕ್ಕಿ ಮೇಲೆ ಆಸೆ, ನೆಂಟರ ಮೇಲೆ ಪ್ರೀತಿ ಎಂಬಂತಾಯಿತು. ಯಾವ ಮಳಿಗೆ, ಯಾವ ತಾರೀಖು, ಎಷ್ಟು ಅಧಿಕಾರ: ಈ ಮೂರಕ್ಕೂ ಕಾಗದದಲ್ಲಿ ಉತ್ತರ ಬರೆಯುವವರೆಗೆ ನೆಲದವರು ಲೇಖನಿ ಎತ್ತಬಾರದೆಂದು ನಾವು ಹೇಳುತ್ತೇವೆ. “ನಂಬಿಕೆ ಮುಖ್ಯ, ಬರವಣಿಗೆ ಯಾಕೆ” ಎನ್ನುವ ಬಿಲ್ಡರ್, ತಾನು ಮಾತ್ರ ನಲವತ್ತು ಪುಟದ ಕರಾರು ಬರೆಸಿಕೊಂಡು ಬಂದಿರುವುದನ್ನು ಮರೆಯದಿರಿ.