‘ನಿರ್ಧರಿಸಬಲ್ಲರೇ?’ ಎಂದು ಕೇಳುವ ಕನ್ನಡ

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಸೀಮೆಯ ನರ್ಸುಗಳಿಗೂ ಆಶಾ ಕಾರ್ಯಕರ್ತೆಯರಿಗೂ ವೈದ್ಯಕೀಯ ನೀತಿಯ ಪಾಠವನ್ನು ಕನ್ನಡದಲ್ಲಿ ಬರೆಯುವವರು ಮೂರು ಇಂಗ್ಲಿಷ್ ಪದಗಳನ್ನು ಎದುರಿಸಬೇಕು: ಅಟಾನಮಿ, ಕಾನ್ಫಿಡೆನ್ಷಿಯಾಲಿಟಿ, ಕೆಪ್ಯಾಸಿಟಿ. ಸ್ವಾಯತ್ತತೆ, ಗೋಪ್ಯತೆ, ಸಕ್ಷಮತೆ ಎಂದು ಬರೆದರೆ ಪುಟವೇನೋ ತುಂಬುತ್ತದೆ. ಈ ಸಂಸ್ಕೃತ ಪದಗಳಿಂದ ಒಂದು ಲಾಭವೂ ಇದೆ. ಇಲ್ಲಿಯ ರೋಗಿಗಳು ಮೀರಜ, ಸಾಂಗಲಿ, ಕೊಲ್ಲಾಪುರದ ಆಸ್ಪತ್ರೆಗಳಿಗೂ ಹೋಗುತ್ತಾರೆ. ಕಾಗದದ ಮೇಲಿನ ಇಂಥ ಪದಗಳು ಮರಾಠಿ ಓದುವವರಿಗೂ ಹತ್ತಿರದವು. ಆದರೆ ಹಾಸಿಗೆಯ ಪಕ್ಕದಲ್ಲಿ ಅವು ಕೆಲಸಕ್ಕೆ ಬರುವುದಿಲ್ಲ. ಮೂರರಲ್ಲಿ ಹೆಚ್ಚು ಅಪಾಯ ಇರುವುದು ಸಕ್ಷಮತೆಯಲ್ಲಿ, ಏಕೆಂದರೆ ಉಳಿದೆರಡೂ ಅದರ ಮೇಲೆ ನಿಂತಿವೆ.

ವೈದ್ಯಕೀಯದಲ್ಲಿ ಕೆಪ್ಯಾಸಿಟಿ ಎಂದರೆ ಒಬ್ಬ ವ್ಯಕ್ತಿ ಒಂದು ನಿರ್ದಿಷ್ಟ ತೀರ್ಮಾನವನ್ನು ಆ ಹೊತ್ತಿನಲ್ಲಿ ತಾನೇ ಮಾಡಬಲ್ಲನೇ ಎಂಬುದು. ಬೆಳಿಗ್ಗೆ ಇಲ್ಲದ್ದು ಸಂಜೆಗೆ ಮರಳಬಹುದು. ಹಣದ ಲೆಕ್ಕ ತಪ್ಪುವವರು ಆಪರೇಷನ್ ಬೇಕೋ ಬೇಡವೋ ಎಂದು ಸರಿಯಾಗಿ ಹೇಳಬಹುದು. ಕನ್ನಡದ ನಾಮಪದಗಳು ಇದನ್ನು ವ್ಯಕ್ತಿಯ ಗುಣವಾಗಿಸಿಬಿಡುತ್ತವೆ. ‘ಸಾಮರ್ಥ್ಯ ಇಲ್ಲ’ ಎಂದರೆ ಮನೆಯವರಿಗೆ ಮೈಯಲ್ಲಿ ಕಸುವಿಲ್ಲ, ಇಲ್ಲವೇ ಕೈಯಲ್ಲಿ ರೊಕ್ಕವಿಲ್ಲ ಎಂದು ಕೇಳಿಸುತ್ತದೆ. ‘ತಿಳುವಳಿಕೆ ಇಲ್ಲ’ ಎನ್ನುವುದು ಬೈಗುಳ. ಒಮ್ಮೆ ಹಾಗೆಂದ ಮೇಲೆ ಆ ರೋಗಿಯನ್ನು ಮತ್ತೆ ಯಾರೂ ಕೇಳುವುದಿಲ್ಲ.

ಒಂದು ಸಂದರ್ಭವನ್ನು ಊಹಿಸಿಕೊಳ್ಳೋಣ. ಸಕ್ಕರೆ ಕಾಯಿಲೆಯಿಂದ ಪಾದ ಕೊಳೆತ ಅಜ್ಜಿಯೊಬ್ಬರು ರಾಯಬಾಗದ ಆಸ್ಪತ್ರೆಯಲ್ಲಿದ್ದಾರೆ. ಪಾದ ತೆಗೆಯಬೇಕೆಂದು ವೈದ್ಯರು ಹೇಳಿದ್ದಾರೆ. ಬೆಳಿಗ್ಗೆ ಕೇಳಿದಾಗ ಆಕೆ ಬೆವರುತ್ತ ಏನೇನೋ ಮಾತಾಡಿದರು. ‘ಆಕಿಗೇನ್ ತಿಳಿತೈತ್ರಿ, ನಾವು ಸಹಿ ಮಾಡ್ತೀವಿ’ ಎಂದರು ಮಕ್ಕಳು. ನರ್ಸ್ ರಕ್ತ ನೋಡಿದರೆ ಸಕ್ಕರೆ 48ಕ್ಕೆ ಇಳಿದಿತ್ತು. ಗ್ಲೂಕೋಸ್ ಕೊಟ್ಟು, ಊಟ ಮಾಡಿಸಿ, ಒಂದೆರಡು ತಾಸು ಬಿಟ್ಟು ಮತ್ತೆ ಕೇಳಿದಾಗ ಆಕೆ ಸ್ಪಷ್ಟವಾಗಿ ಹೇಳಿದರು: ‘ಕಾಲ ತಗದ್ರ ಜೀವ ಉಳಿತೈತಿ ಅಂತೀರಿ. ತಗೀಲಿಲ್ಲಂದ್ರ ನಂಜೇರಿ ಸಾಯಬಹುದು. ಆದ್ರೂ ನನಗ ಬ್ಯಾಡ್ರಿ.’

ಬೆಳಿಗ್ಗೆ ಆಕೆ ತೀರ್ಮಾನಿಸಲಾರರು, ಮಧ್ಯಾಹ್ನ ತೀರ್ಮಾನಿಸಬಲ್ಲರು. ವಿವರ ಅರ್ಥವಾಗಿದೆ, ಪರಿಣಾಮ ಗೊತ್ತಿದೆ, ಉತ್ತರವನ್ನು ತಿಳಿಸಿದ್ದಾರೆ. ಮಾನಸಿಕ ಚಿಕಿತ್ಸೆಯ ಮಟ್ಟಿಗೆ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಹೆಸರಿಸುವುದೂ ಈ ಮೂರನ್ನೇ. ತೀರ್ಮಾನ ಇತರರಿಗೆ ತಪ್ಪೆನಿಸಿದ ಮಾತ್ರಕ್ಕೆ ವ್ಯಕ್ತಿಗೆ ಸಕ್ಷಮತೆ ಇಲ್ಲ ಎನ್ನುವಂತಿಲ್ಲ, ಮಾಹಿತಿಯನ್ನು ಆತನಿಗೆ ತಿಳಿಯುವ ಸರಳ ಭಾಷೆಯಲ್ಲಿ ಕೊಡಬೇಕು ಎಂದೂ ಅದು ಹೇಳುತ್ತದೆ. ದೇಹದ ಚಿಕಿತ್ಸೆಯಲ್ಲಿ ಸಮೀರಾ ಕೊಹ್ಲಿ ಪ್ರಕರಣವಿದೆ. ಅರಿವಳಿಕೆಯಲ್ಲಿದ್ದ ವಯಸ್ಕ ಮಹಿಳೆಯ ಗರ್ಭಕೋಶವನ್ನು ಆಕೆಯ ತಾಯಿಯ ಒಪ್ಪಿಗೆ ಪಡೆದು ತೆಗೆಯಲಾಗಿತ್ತು. ಜೀವಕ್ಕೆ ಆ ಕ್ಷಣದ ಅಪಾಯವಿರಲಿಲ್ಲ, ಎಚ್ಚರಾದ ಮೇಲೆ ಆಕೆಯನ್ನೇ ಕೇಳಬಹುದಿತ್ತು. ಆದ್ದರಿಂದ ತಾಯಿಯ ಒಪ್ಪಿಗೆ ಸಾಲದು ಎಂದು 2008ರಲ್ಲಿ ಸುಪ್ರೀಂ ಕೋರ್ಟ್ ತೀರ್ಪಿತ್ತಿತು.

ಹಾಗಾಗಿ ಪಾಠದಲ್ಲಿ ಸಕ್ಷಮತೆ ಎಂಬ ನಾಮಪದ ಕಡತಕ್ಕೆ ಇರಲಿ. ಅದರ ಪಕ್ಕದಲ್ಲಿ ಕ್ರಿಯಾಪದದ ಪ್ರಶ್ನೆ ಬರಲಿ: ‘ಈ ಆಪರೇಷನ್ ಬಗ್ಗೆ ಈಗ ಇವರೇ ನಿರ್ಧರಿಸಬಲ್ಲರೇ?’ ಕನ್ನಡದ ‘ಬಲ್ಲ’ ತಾನಾಗಿಯೇ ಯಾರು, ಏನನ್ನು ಎಂದು ಕೇಳುತ್ತದೆ. ‘ಈಗ’ ಸೇರಿದರೆ ಮತ್ತೆ ಕೇಳುವ ದಾರಿ ತೆರೆದಿರುತ್ತದೆ. ಮಾತಿನಲ್ಲಿ ಅದು ‘ಈಗ ನಿಮಗ ವಿಚಾರ ಮಾಡಿ ಹೇಳಾಕ ಆಗ್ತೈತೇನ್ರಿ?’ ಎಂದಾಗಲಿ.

ಉಳಿದೆರಡೂ ಇದೇ ದಾರಿಯಲ್ಲಿ ಬರುತ್ತವೆ. ಸ್ವಾಯತ್ತತೆ ಎಂದರೆ ಓದುವವರಿಗೆ ನೆನಪಾಗುವುದು ಸ್ವಾಯತ್ತ ಕಾಲೇಜು. ‘ತನ್ನ ಚಿಕಿತ್ಸೆಯ ಬಗ್ಗೆ ತಾನೇ ನಿರ್ಧರಿಸುವ ಹಕ್ಕು’ ಎಂದು ಬಿಡಿಸಿ ಬರೆಯುವುದು ಮೇಲು. ಇದು ನಮ್ಮ ಮನೆತನದ ರೀತಿಗೆ ಹೊರಗಿನದು ಎಂಬ ಆಕ್ಷೇಪವಿದೆ. ಆದರೆ ‘ಮಗ ಹೇಳಿದಂಗ ಮಾಡ್ರಿ’ ಎಂದು ಅಜ್ಜಿಯೇ ಹೇಳಿದರೆ ಅದೂ ಆಕೆಯ ತೀರ್ಮಾನವೇ. ಆಕೆಯನ್ನು ಕೇಳದೆ ಮಗ ಹೇಳಿದ್ದನ್ನು ಮಾಡುವುದಷ್ಟೇ ತಪ್ಪು. ಗೋಪ್ಯತೆಯನ್ನು ‘ಗುಟ್ಟು’ ಎಂದರೆ ರೋಗಿ ಏನೋ ತಪ್ಪು ಮಾಡಿದ್ದಾಳೆ ಎಂಬ ವಾಸನೆ ಬರುತ್ತದೆ. ‘ನಿಮ್ಮ ಜಡ್ಡಿನ ಸುದ್ದಿ ಯಾರ ಮುಂದ ಹೇಳಬಹುದು, ಯಾರ ಮುಂದ ಹೇಳಬಾರದು?’ ಎಂಬ ಪ್ರಶ್ನೆಯನ್ನು ಮನೆಯವರನ್ನು ಸ್ವಲ್ಪ ಹೊರಗೆ ಕೂರಿಸಿ ಕೇಳಬೇಕು.

ಅನುವಾದ ಸರಿಯಾಗಿದೆಯೇ ಎಂದು ನೋಡಲು ‘ಅರ್ಥ ಆತೇನ್ರಿ?’ ಎಂದು ಕೇಳಬಾರದು. ಮರ್ಯಾದೆಗೆ ಎಲ್ಲರೂ ‘ಹೂಂನ್ರಿ’ ಎನ್ನುತ್ತಾರೆ. ‘ಮನಿಗೆ ಹೋಗಿ ಮಗಳ ಮುಂದ ಏನಂತ ಹೇಳ್ತೀರಿ?’ ಎಂದು ಕೇಳಬೇಕು. ಆ ಉತ್ತರದಲ್ಲಿ ಏನು ಮಾಡುತ್ತಾರೆ, ಬೇಡವೆಂದರೆ ಏನಾಗುತ್ತದೆ ಎಂಬೆರಡೂ ಬರದಿದ್ದರೆ ಮೊದಲು ತಿದ್ದಬೇಕಾದ್ದು ನಮ್ಮ ವಾಕ್ಯ. ಅದನ್ನು ತಿದ್ದಿ ಮತ್ತೆ ಕೇಳುವ ಮೊದಲೇ ರೋಗಿಯನ್ನು ಅಸಮರ್ಥಳೆಂದು ಬರೆಯಬಾರದು ಎಂಬುದನ್ನು ಪಾಠದ ಪುಸ್ತಕ ನಿಯಮವಾಗಿಯೇ ಅಚ್ಚು ಮಾಡಬೇಕು.