‘ತಕ್ಷಣ ಸೇರುತ್ತೇನೆ’ ಎಂದು ಬರೆಯಬೇಡಿ

ನನ್ನ ದೊಡ್ಡಪ್ಪನ ಮಗ ಬಿ.ಕಾಂ. ಮುಗಿಸಿ ದಾವಣಗೆರೆಯಲ್ಲಿ ಲೆಕ್ಕ ಬರೆಯುವ ಕೆಲಸದಲ್ಲಿದ್ದಾರೆ. ದುಬೈಯ ಒಂದು ಕಂಪನಿಗೆ ಅರ್ಜಿ ಹಾಕುವಾಗ ಇಮೇಲ್‌ನಲ್ಲಿ ‘ತಕ್ಷಣ ಸೇರಲು ಸಿದ್ಧ’ ಎಂದು ಬರೆದಿದ್ದರು. ಮರುದಿನವೇ ಫೋನ್ ಬಂತು. ಮೊದಲ ಪ್ರಶ್ನೆ, ‘ಈಗ ದುಬೈಯಲ್ಲೇ ಇದ್ದೀರಾ?’ ಭಾಯಿಜಾನ್ ಇಲ್ಲ ಎಂದರು. ಮಾತು ಅಲ್ಲಿಗೇ ಮುಗಿಯಿತು.

ತಪ್ಪು ಕಂಪನಿಯದ್ದಲ್ಲ ಎಂಬುದು ನನ್ನ ಅಭಿಪ್ರಾಯ. ದುಬೈಯಲ್ಲಿ ವಿಸಿಟ್ ವೀಸಾದ ಮೇಲೆ ಬಂದು ಕೆಲಸ ಹುಡುಕುವವರು ಬಹಳ. ‘ತಕ್ಷಣ’ ಎಂದರೆ ಅಲ್ಲಿನವರು ಅಂಥವರೇ ಇರಬೇಕು ಅಂದುಕೊಳ್ಳುತ್ತಾರೆ. ಭಾಯಿಜಾನ್‌ಗೆ ಇಲ್ಲಿ 30 ದಿನ ನೋಟಿಸ್ ಕೊಡಬೇಕಿತ್ತು, ಕೈಯಲ್ಲಿ ಯಾವ ವೀಸಾವೂ ಇರಲಿಲ್ಲ.

ಎರಡನೇ ಅರ್ಜಿಯನ್ನು ನಾವಿಬ್ಬರೂ ಕೂತು ಬರೆದೆವು. ಅನುಭವದ ಮಾತು ಮುಗಿದ ಮೇಲೆ ಇಷ್ಟು ಸೇರಿಸಿದೆವು: ‘ನಾನು ಸದ್ಯ ಭಾರತದಲ್ಲಿದ್ದೇನೆ. ಯುಎಇ ವೀಸಾ ಇಲ್ಲ, ಕಂಪನಿಯ ಕಡೆಯಿಂದ ಉದ್ಯೋಗ ವೀಸಾ ಬೇಕಾಗುತ್ತದೆ. ಪದವಿ ಪತ್ರ ಅಟೆಸ್ಟ್ ಆಗಿದೆ. ಆಫರ್ ಲೆಟರ್ ಕೈಸೇರಿದ ದಿನದಿಂದ 30 ದಿನ ನೋಟಿಸ್. ಆ ಅವಧಿಯಲ್ಲೇ ವೀಸಾ ಕೆಲಸ ನಡೆದರೆ, ನೋಟಿಸ್ ಮುಗಿದ ಒಂದು ವಾರದೊಳಗೆ ಹೊರಡಬಲ್ಲೆ.’

ಭಾಯಿಜಾನ್ ಮೊದಲು ತಿಂಗಳು, ತಾರೀಖು ಹಾಕಿದ್ದರು. ನಾನು ಬೇಡವೆಂದೆ. ಕಂಪನಿ ಆಫರ್ ಕೊಡಲು ಹದಿನೈದು ದಿನ ತಡಮಾಡಿದರೆ ಆ ತಾರೀಖು ಸುಳ್ಳಾಗುತ್ತದೆ. ದಿನ ಎಣಿಸಿ ಬರೆದರೆ ಲೆಕ್ಕ ಯಾವತ್ತೂ ಸರಿಯಾಗಿರುತ್ತದೆ. ಆಫರ್ ಲೆಟರ್‌ನಿಂದ ಎಣಿಸಲು ಇನ್ನೊಂದು ಕಾರಣವೂ ಇದೆ: ಅದು ಕೈಗೆ ಬರುವ ಮುಂಚೆ ಇಲ್ಲಿನ ಕೆಲಸಕ್ಕೆ ರಾಜೀನಾಮೆ ಕೊಡುವುದು ಹುಚ್ಚುತನ.

ಅಟೆಸ್ಟೇಷನ್ ಮಾತು ಸುಮ್ಮನೆ ಬರೆದದ್ದಲ್ಲ. ಪದವಿ ಪತ್ರಕ್ಕೆ ಮೊದಲು ರಾಜ್ಯ ಸರ್ಕಾರದ ಮುದ್ರೆ, ಆಮೇಲೆ ವಿದೇಶಾಂಗ ಸಚಿವಾಲಯದ್ದು, ಕೊನೆಗೆ ಯುಎಇ ರಾಯಭಾರ ಕಚೇರಿಯದ್ದು ಬೀಳಬೇಕು. ಆಫರ್ ಬಂದ ಮೇಲೆ ಇದಕ್ಕೆ ಓಡಾಡತೊಡಗಿದರೆ ಹೇಳಿದ ದಿನಕ್ಕೆ ಹೋಗುವುದು ಕಷ್ಟ. ಭಾಯಿಜಾನ್ ಮೊದಲೇ ಮಾಡಿಸಿದ್ದರು. ಅಷ್ಟು ಒಳ್ಳೆಯ ಸುದ್ದಿಯನ್ನು ಮೊದಲ ಇಮೇಲ್‌ನಲ್ಲಿ ಬರೆದೇ ಇರಲಿಲ್ಲ!

ನಮ್ಮ ಅಬ್ಬು ಒಪ್ಪಲಿಲ್ಲ. “ವೀಸಾ ಇಲ್ಲ ಅಂತ ನೀವೇ ಹೇಳಿಕೊಂಡರೆ ಯಾರು ಕರೀತಾರೆ? ವೀಸಾ ಖರ್ಚು ನಾನೇ ಹಾಕ್ಕೋತೀನಿ ಅಂತಲಾದ್ರೂ ಬರೀರಿ” ಎಂದರು. ಅದನ್ನೂ ಬರೆಯಬಾರದು ಎಂದು ನನ್ನ ವಾದ. ಯುಎಇ ಕಾರ್ಮಿಕ ಕಾನೂನಿನ ಪ್ರಕಾರ ನೇಮಕಾತಿಯ ಖರ್ಚು ಮಾಲೀಕನದ್ದು, ನೌಕರನಿಂದ ವಸೂಲಿ ಮಾಡುವಂತಿಲ್ಲ. ಇನ್ನು ಏಜೆಂಟರು ಹೇಳುವಂತೆ ವಿಸಿಟ್ ವೀಸಾದಲ್ಲೇ ಹೋಗಿ ಕೆಲಸ ಶುರುಮಾಡುವುದು ಅಲ್ಲಿ ಕಾನೂನುಬಾಹಿರ.

ಅಬ್ಬು ಹೇಳಿದ್ದರಲ್ಲಿ ಸ್ವಲ್ಪ ನಿಜವೂ ಇದೆ. ಈ ರೀತಿ ಕಳಿಸಿದ ನಾಲ್ಕು ಅರ್ಜಿಗಳಲ್ಲಿ ಮೂರಕ್ಕೆ ಉತ್ತರವೇ ಬರಲಿಲ್ಲ. ನಾಲ್ಕನೆಯವರು ಅಟೆಸ್ಟ್ ಆದ ಪದವಿ ಪತ್ರದ ಸ್ಕ್ಯಾನ್ ಕೇಳಿದ್ದಾರೆ. ನಿನ್ನೆ ರಾತ್ರಿ ಕಳಿಸಿದೆವು.