ಪುಟದ ಚಿತ್ರವೂ ಕವಿತೆಯ ಪಠ್ಯವೂ

ಪಾವಗಡ ತಾಲ್ಲೂಕನ್ನು ಬಹುಪಾಲು ಆಂಧ್ರದ ನೆಲವೇ ಸುತ್ತುವರಿದಿದೆ. ಮಧುಗಿರಿ, ಶಿರಾಗಳ ಗಡಿಯೂ ಅದಕ್ಕೆ ತಾಗಿದೆ. ಒಳಗಿನ ಕೊರಟಗೆರೆಯವರೆಗೂ ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ ಆಡುವ ಕುಟುಂಬಗಳಿವೆ. ಅಂಥ ಮನೆಯ ಹಳೆಯ ತೆಲುಗು ಪುಸ್ತಕದ ಒಂದೇ ಪುಟ ಮೊಬೈಲಿನ ಚಿತ್ರವಾಗಿ ಅನುವಾದಕನ ಕೈಸೇರಿದಾಗ, ಲಿಪಿಯೂ ಮಾತೂ ಹತ್ತಿರವೆಂಬ ಧೈರ್ಯದಿಂದ ಆತ ಚಿತ್ರವನ್ನೇ ಪಠ್ಯವೆಂದು ನಂಬುತ್ತಾನೆ. ತೊಡಕು ಮೊದಲಾಗುವುದು ಇಲ್ಲಿಯೇ.

ಮೊದಲ ತೊಡಕು ಕಣ್ಣಿನದು. ಹಳೆಯ ತೆಲುಗು ಮುದ್ರಣದಲ್ಲಿ ‘ಅರಸುನ್ನ’ ಎಂಬ ಅರೆವೃತ್ತದ ಚಿಹ್ನೆಯಿದೆ. ‘ಏಟಿ’ ಎಂದರೆ ಹೊಳೆಯ. ಅದೇ ಪದದಲ್ಲಿ ಅರಸುನ್ನವಿದ್ದರೆ ವರ್ಷದ. ಪುಟ ಬಾಗಿದ ಕಡೆ, ನೆರಳು ಬಿದ್ದ ಕಡೆ ಈ ಸಣ್ಣ ಗೆರೆ ಅಳಿಸಿಹೋಗುತ್ತದೆ. ವರ್ಷದ ನೀರು ಹೊಳೆಯ ನೀರಾಗುತ್ತದೆ. ಪ್ರತಿಮೆಯೇ ಬದಲಾದರೂ ಸಾಲು ಅರ್ಥವತ್ತಾಗಿಯೇ ಉಳಿಯುವುದರಿಂದ ತಪ್ಪು ಗೋಚರಿಸುವುದಿಲ್ಲ. ಇದಕ್ಕೊಂದು ಪರೀಕ್ಷೆಯಿದೆ. ಅದೇ ಪುಟದಲ್ಲಿ ಸ್ಪಷ್ಟವಾಗಿ ಮೂಡಿರುವ ‘ವಾಡು’ (ಅವನು) ಎಂಬ ಪದವನ್ನು ನೋಡಬೇಕು. ಅಲ್ಲಿ ಅರಸುನ್ನವಿದ್ದರೆ ಮುದ್ರಕರು ಆ ಚಿಹ್ನೆಯನ್ನು ಪಾಲಿಸಿದ್ದಾರೆ. ಆಗ ‘ಏಟಿ’ಯಲ್ಲಿ ಅದರ ಇರವು ಇಲ್ಲಮೆಗಳಿಗೆ ಬೆಲೆಯುಂಟು. ಇಲ್ಲದಿದ್ದರೆ ಸಂದರ್ಭವೊಂದೇ ಆಧಾರ.

ಎರಡನೆಯದು ವ್ಯಾಕರಣದ್ದು, ಇನ್ನೂ ಆಳವಾದುದು. ಪುಟದ ಮೇಲ್ತುದಿಯಲ್ಲಿ ‘ವಚ್ಚಿಂದಿ, ವಾಕಿಟ್ಲೋ ನಿಲಿಚಿಂದಿ’ ಎಂಬ ಸಾಲಿದೆಯೆಂದು ಭಾವಿಸೋಣ. ತೆಲುಗಿನ ಏಕವಚನದಲ್ಲಿ ಸ್ತ್ರೀಗೂ ನಪುಂಸಕಕ್ಕೂ ಕ್ರಿಯಾಪದ ಒಂದೇ. ಅಂಗಳದಲ್ಲಿ ನಿಂತದ್ದು ಮಗಳೋ ಮಳೆಯೋ ಈ ಸಾಲು ಹೇಳುವುದಿಲ್ಲ. ಕನ್ನಡವಾದರೋ ‘ಬಂದಳು’, ‘ಬಂದಿತು’ಗಳಲ್ಲಿ ಒಂದನ್ನು ಕೇಳುತ್ತದೆ. ಕರ್ತೃಪದ ಚಿತ್ರಕ್ಕೆ ಸಿಕ್ಕದ ಹಿಂದಿನ ಪುಟದಲ್ಲಿರಬಹುದು. ಆ ಪುಟವನ್ನು ತರಿಸಿಕೊಳ್ಳದೆ ಮಾಡಿದ ಆಯ್ಕೆ ಅನುವಾದವಲ್ಲ, ಊಹೆ.

ಹಿಂದಿನ ಪುಟವೂ ಕರ್ತೃವನ್ನು ಹೆಸರಿಸದಿದ್ದರೆ ಆ ಅಸ್ಪಷ್ಟತೆ ಕವಿತೆಯದೇ ಆಗಿರಬಹುದು, ಅದನ್ನು ಉಳಿಸಬೇಕು. ‘ಬಂದು ಅಂಗಳದಲ್ಲಿ ನಿಂತದ್ದು’ ಎಂದರೆ ಲಿಂಗ ಬಯಲಾಗುವುದಿಲ್ಲ. ಆದರೆ ಮೂಲದ ಎರಡು ಗಿಡ್ಡ ಕ್ರಿಯೆಗಳು ತಟ್ಟಿದಂತೆ ಇದು ತಟ್ಟದು. ಪ್ರತಿಮೆ ಉಳಿದು ಧ್ವನಿ ಸಡಿಲವಾಗುತ್ತದೆ. ಸಾಲು ಸಾಲಿಗೂ ಈ ಉಪಾಯ ಹೂಡಿದರೆ ಆಡುಮಾತಿನ ಕವಿತೆ ವರದಿಯಾದೀತು. ಗುಟ್ಟು ಬಿಚ್ಚಿಕೊಳ್ಳುವ ಸಾಲಿನವರೆಗೆ ಮಾತ್ರ ಅದನ್ನು ಬಳಸಿ, ಅನಂತರ ಪೂರ್ಣಕ್ರಿಯೆಗೆ ಮರಳುವುದು ಲೇಸು.

ಆದ್ದರಿಂದ ಅನುವಾದಕ್ಕೆ ಮೊದಲು ಪಠ್ಯನಿರ್ಣಯವಾಗಬೇಕು. ಹಳಗನ್ನಡದ ಓಲೆಪ್ರತಿಗೆ ಸಲ್ಲುವ ಈ ಶಿಸ್ತು ನಿನ್ನೆ ತೆಗೆದ ಚಿತ್ರಕ್ಕೂ ಸಲ್ಲಬೇಕು. ಹಿಂದಿನ ಮತ್ತು ಮುಂದಿನ ಪುಟಗಳನ್ನು ಕಾಣದೆ ಸಿದ್ಧವಾದ ಅನುವಾದವನ್ನು ಪ್ರಕಟಿಸುವಾಗ, ಅದು ಒಂಟಿ ಪುಟದಿಂದ ಆದದ್ದೆಂದು ಹೇಳುವುದಾದರೂ ಅನುವಾದಕನ ಹೊಣೆ.